ಮೇಲಿನ ಮನೆಯ ವರ್ಗಾವಣೆ

ನಮ್ಮಕ್ಕ ಒಮ್ಮೆ ಹಿಡಿದದ್ದನ್ನು ಬಿಟ್ಟವಳಲ್ಲ. ಉಡದ ಪಟ್ಟು ಅನ್ನುತ್ತಾರಲ್ಲ, ಅದನ್ನು ನೋಡಲು ಕಾಡಿಗೆ ಹೋಗಬೇಕಾಗಿರಲಿಲ್ಲ, ನಮ್ಮ ಮನೆಗೆ ಬಂದರೆ ಸಾಕಿತ್ತು. ಹೊಲಿಗೆ ಅವಳ ಕಸುಬು. ಅಂಗೈಯಗಲದ ಬಟ್ಟೆ ಚೂರನ್ನೂ ಎಸೆಯಳು. ಸತ್ತುಹೋದ ಗಿರಾಕಿಗಳ ಅಳತೆ ಕೂಡ ಅವಳಿಗೆ ಬಾಯಿಪಾಠ. "ಆಯಮ್ಮನ ಎಡತೋಳು ಬಲತೋಳಿಗಿಂತ ಅರ್ಧ ಬೆರಳು ದಪ್ಪ" ಎಂದು, ಆಯಮ್ಮ ಹೋಗಿ ಎಷ್ಟೋ ಕಾಲವಾದ ಮೇಲೂ ಹೇಳುತ್ತಿದ್ದಳು. ನಾನು ಗೊಣಗಿದರೆ, ಇರಲಿ ಬಿಡು, ಯಾವಾಗ ಬೇಕಾಗುತ್ತೋ ಅನ್ನುವಳು. ಸತ್ತವರ ತೋಳಿನ ಅಳತೆ ಯಾವಾಗ ಬೇಕಾಗುತ್ತದೆ ಎಂದು ನಾನು ಕೇಳಿದ್ದುಂಟು. ಅವಳು ಮಷಿನ್ ತುಳಿಯುತ್ತಲೇ ಇರುತ್ತಿದ್ದಳು.

ನಾನು ಅವಳ ತಂಗಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳೇ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ನಿವೃತ್ತಳಾಗಿ ಅವಳ ಜೊತೆಗೇ ಉಳಿದವಳು ನಾನು. ನನ್ನ ನಾಲಿಗೆ ಸ್ವಲ್ಪ ಒರಟು, ಒಪ್ಪುತ್ತೇನೆ. ದೆವ್ವ ಭೂತ ಅನ್ನುವವರನ್ನು ಕಂಡರೆ ಇನ್ನೂ ಒರಟಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದನ್ನು ನಾನೇ ಬೇರೆಯವರ ಬಾಯಲ್ಲಿ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಭಾವ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಸವೆದ ಕಾಲರನ್ನು ಮಗುಚಿ ಹೊಲಿಸಿಕೊಳ್ಳಲು ಒಂದು ಅಂಗಿ ತಂದವರು, ಅಂಗಿಯ ಜೊತೆ ತಾವೂ ಇಲ್ಲೇ ಉಳಿದರು. ಅವರಿಗೊಂದು ಅಭ್ಯಾಸವಿತ್ತು. ಯಾವ ಹಾಳೆ ಸಿಕ್ಕರೂ ಕೊನೆಯ ಪದದಿಂದ ಹಿಂದಕ್ಕೆ ಓದುತ್ತಾ ಬರುವುದು. ಹಾಗೆ ಓದಿದರೆ ಅರ್ಥ ಕಣ್ಣಿಗೆ ಅಡ್ಡ ಬರುವುದಿಲ್ಲ, ತಪ್ಪು ತಾನಾಗಿ ಕಾಣುತ್ತದೆ ಅನ್ನುತ್ತಿದ್ದರು. ಮನೆಗೆ ಬಂದ ಪತ್ರಿಕೆಯನ್ನೂ ಹಾಗೇ ಓದುವರು, ಬಾಯಲ್ಲಿ ಮಣಮಣ ಅಂದುಕೊಂಡು. ಮಕ್ಕಳಾಗಲಿಲ್ಲ. ಮೇಲಿನ ಮನೆಯ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲೇ ಒಂದು ಮಧ್ಯಾಹ್ನ ತೀರಿಕೊಂಡರು. ನಾನು ಆಗ ಡ್ಯೂಟಿಯಲ್ಲಿದ್ದೆ. ಅಕ್ಕ ಅದಾದ ಮೇಲೆ ಕೆಳಗೆ ನನ್ನ ಕೋಣೆಗೆ ಬಂದಳು, ಮೇಲಿನದನ್ನು ಬಾಡಿಗೆಗೆ ಕೊಟ್ಟಳು. ಆ ಕುರ್ಚಿಯನ್ನು ಮಾತ್ರ ಕೆಳಗಿಳಿಸಲು ಬಿಡಲಿಲ್ಲ. ಫ್ಯಾನು, ಟ್ಯೂಬ್‌ಲೈಟುಗಳ ಜೊತೆ ಅದನ್ನೂ ಕರಾರಿನಲ್ಲಿ ಬರೆಸಿ, ಬಂದವರೆಲ್ಲ ಇದನ್ನು ಅಲ್ಲಿಂದ ಕದಲಿಸಬಾರದು ಅನ್ನುತ್ತಿದ್ದಳು.

ಬಾಡಿಗೆಯ ವಿಷಯದಲ್ಲೂ ಅವಳದು ಅದೇ ಪಟ್ಟು. ಮೊದಲ ಒಂದು ವರ್ಷ ಯಾರೂ ಬಿಟ್ಟುಹೋಗುವಂತಿಲ್ಲ. ಬಿಟ್ಟರೆ ಆ ವರ್ಷದ ಉಳಿದ ತಿಂಗಳುಗಳ ಬಾಡಿಗೆ ಕಟ್ಟಿಯೇ ಹೋಗಬೇಕು. ಸಂಬಳದ ಕೆಲಸದವರು ಬಂದಾಗ ಇದಕ್ಕೊಂದು ವಿನಾಯಿತಿ ಬರೆಯುವುದು ಎಲ್ಲ ಕಡೆಯೂ ರೂಢಿ. ಬಾಡಿಗೆದಾರರನ್ನು ಅವರ ಕಂಪನಿ ಬೇರೆ ಊರಿಗೆ ವರ್ಗ ಮಾಡಿದರೆ, ಆದೇಶದ ಪ್ರತಿ ಲಗತ್ತಿಸಿ ಒಂದು ತಿಂಗಳ ನೋಟಿಸು ಕೊಟ್ಟು, ವರ್ಷ ತುಂಬದಿದ್ದರೂ ದಂಡವಿಲ್ಲದೆ ಹೋಗಬಹುದು. ಅಕ್ಕನೂ ಒಪ್ಪಿದ್ದಳು. ಆದರೆ ಒಬ್ಬ ಮಹಾನುಭಾವ ತಾನೇ ಅರ್ಜಿ ಹಾಕಿ ಪಕ್ಕದೂರಿಗೆ ವರ್ಗ ಮಾಡಿಸಿಕೊಂಡು, ಆ ಆದೇಶ ತೋರಿಸಿ ಮನೆ ಬಿಟ್ಟು, ನಮ್ಮ ಹಿಂದಿನ ಬೀದಿಯಲ್ಲೇ ಅಗ್ಗದ ಮನೆ ಹಿಡಿದು ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡತೊಡಗಿದ. ಅಕ್ಕ ಉರಿದುಬಿದ್ದಳು. ಕೂಡಲೇ ಕರಾರು ಬರೆಯುವವರ ಹತ್ತಿರ ಹೋಗಿ, ವರ್ಗಾವಣೆ ನೌಕರರ ಸ್ವಂತ ಕೋರಿಕೆಯಿಂದ ಆದದ್ದಾದರೆ ಈ ವಿನಾಯಿತಿ ಸಲ್ಲದು ಎಂಬ ಸಾಲನ್ನು ಸೇರಿಸಿದಳು. ಕೋರ್ಟಿನ ಎದುರು ಕುರ್ಚಿ ಹಾಕಿಕೊಂಡು ಕೂರುವ ಆ ಮನುಷ್ಯ ಅವಳನ್ನು ಮೆಚ್ಚಿಕೊಂಡು, ನಿಮಗೆ ವಕೀಲರೇ ಬೇಡ ಎಂದಿದ್ದರು.

ವಿಮಾ ಕಚೇರಿಯ ಹುಡುಗಿ ಬಂದದ್ದು ಆ ಸಾಲು ಸೇರಿದ ಮೇಲೆ. ಜೊತೆಗೆ ಅವಳ ಅಪ್ಪ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು, ನೆಟ್ಟಗೆ ನಿಲ್ಲುವ ಆಳು, ನೆನಪು ಮಾತ್ರ ಬಾಗಿಹೋಗಿತ್ತು. ಊಟ ಮಾಡಿದ್ದು ಮರೆಯುವರು, ಚಪ್ಪಲಿ ಹಾಕಿಕೊಂಡೇ ಚಪ್ಪಲಿ ಹುಡುಕುವರು. ಹುಡುಗಿ ಕಚೇರಿಗೆ ಹೋದಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅಕ್ಕನಿಗೆ ಹೇಳಿ ಹೋಗುತ್ತಿದ್ದಳು. ಮಧ್ಯಾಹ್ನ ಅಕ್ಕ ಹೋಗಿ ಒಮ್ಮೆ ನೋಡಿ ಬರುವುದು ಎಂದು ಮಾತಾಯಿತು. ನೋಡಿ ಬರುವುದು ಬರಬರುತ್ತಾ ಕೂತು ಬರುವುದಾಯಿತು. ಮಷಿನ್ ನಿಂತು, ಗಿರಾಕಿಗಳು ಬಾಗಿಲಲ್ಲಿ ಕಾಯುವಂತಾಯಿತು. ಈ ವಯಸ್ಸಿನಲ್ಲಿ ಇದೇನು ಎಂದು ನಾನು ಅವಳನ್ನು ರೇಗಿಸಿದೆ. ಅವಳು ನಗಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಸೀರೆ ಉಟ್ಟು ಮೇಲೆ ಹೋದಳು.

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದೆ. ಮೇಲಿನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಮಾಸ್ತರರು ಮಂಚದ ಮೇಲೆ ಕೂತು ಮಾತಾಡುತ್ತಿದ್ದರು. ಅಕ್ಕ ನೆಲದ ಮೇಲೆ ಗೋಡೆಗೆ ಒರಗಿದ್ದಳು. ಆದರೆ ಅವರು ಮಾತಾಡುತ್ತಿದ್ದದ್ದು ಅವಳ ಜೊತೆ ಅಲ್ಲ, ಬೆತ್ತದ ಕುರ್ಚಿಯ ಜೊತೆ. ಬುದ್ಧಿ ಕಳಚಿದವರು ಒಂಟಿಯಾಗಿ ಮಾತಾಡುವುದನ್ನು ಆಸ್ಪತ್ರೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರ ಮಾತಿಗೆ ತಡೆಯಿರುವುದಿಲ್ಲ. ಇವರು ಮಾತಾಡಿ ನಿಲ್ಲಿಸುವರು. ತಲೆ ಓರೆ ಮಾಡಿ ಕೇಳಿಸಿಕೊಳ್ಳುವರು. ಹೂಂ ಅನ್ನುವರು. ಒಮ್ಮೆ, ಎದುರಿನವರ ಮಾತು ಮುಗಿಯುವ ಮೊದಲೇ ತಾನು ಬಾಯಿ ಹಾಕಿದವರಂತೆ, "ಕ್ಷಮಿಸಿ, ನೀವು ಹೇಳಿ" ಎಂದು ಸುಮ್ಮನಾದರು. ನನ್ನ ತೋಳಿನ ಮೇಲಿನ ಒದ್ದೆ ಬಟ್ಟೆ ತಣ್ಣಗೆ ಅಂಟಿಕೊಂಡಿತು.

ಕೆಳಗೆ ಬಂದ ಮೇಲೆ ಅಕ್ಕ ತಾನಾಗೇ ಹೇಳಿದಳು. ಮಾಸ್ತರರು ಬಂದ ಹೊಸದರಲ್ಲಿ ಅವಳನ್ನು ಕೇಳಿದರಂತೆ, ಕಿಟಕಿ ಹತ್ತಿರ ಕೂತಿರುವ ಆ ಯಜಮಾನರು ಪೇಪರನ್ನು ಕೆಳಗಿನಿಂದ ಮೇಲಕ್ಕೆ ಯಾಕೆ ಓದುತ್ತಾರೆ ಎಂದು. ಅಕ್ಕ ಅವರಿಗೆ ಭಾವನ ಸುದ್ದಿ ಎತ್ತಿರಲೇ ಇಲ್ಲವಂತೆ.

ನೀನೇ ಎಂದೋ ಹೇಳಿ ಮರೆತಿರುತ್ತೀಯ ಎಂದೆ ನಾನು. ಏನನ್ನೂ ಮರೆಯದವಳಿಗೆ ಹಾಗೆ ಹೇಳುವುದು ಹಾಸ್ಯಾಸ್ಪದ ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನ ನಾನೇ ಪರೀಕ್ಷೆ ಮಾಡಲು ಮೇಲೆ ಹೋದೆ. ಖಾಲಿ ಕುರ್ಚಿಯನ್ನು ತೋರಿಸಿ, ಅವರು ನನ್ನ ಬಗ್ಗೆ ಏನಾದರೂ ಹೇಳುತ್ತಾರಾ ಎಂದು ಮಾಸ್ತರರನ್ನು ಕೇಳಿದೆ. ಅವರು ಕುರ್ಚಿಯ ಕಡೆ ಬಾಗಿ ಕೇಳಿಸಿಕೊಂಡರು, ಮತ್ತೆ ಸಂಕೋಚದಿಂದ ನನ್ನ ಕಡೆ ತಿರುಗಿದರು.

"ಬೇಜಾರು ಮಾಡ್ಕೋಬೇಡಿ. ಉಪ್ಪುಕಾಗದ ಬಂದ್ಲು ಅಂತಿದ್ದಾರೆ."

ಮರ ಉಜ್ಜುವ ಉಪ್ಪುಕಾಗದ. ನನ್ನ ನಾಲಿಗೆಗೆ ಭಾವ ಇಟ್ಟ ಹೆಸರು ಅದು. ಅಕ್ಕ ಕೇಳಿದರೆ ಬೈಯುತ್ತಾಳೆಂದು, ಅವಳಿಲ್ಲದಾಗ ಮಾತ್ರ ಹಾಗೆ ಕರೆಯುತ್ತಿದ್ದರು. ಅದು ಗೊತ್ತಿದ್ದವರು ಇಬ್ಬರೇ, ಒಬ್ಬರು ಸತ್ತಿದ್ದರು. ನಾನು ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಬಂದು ಕೂತೆ. ಭಯವಾಯಿತು, ಸುಳ್ಳು ಯಾಕೆ ಹೇಳಲಿ. 

ಅಂದಿನಿಂದ ನಾನು ಮೇಲೆ ಹೋಗುವುದು ಕಡಿಮೆ ಮಾಡಿದೆ. ಅಕ್ಕ ಹೆಚ್ಚು ಮಾಡಿದಳು. ಮಾಸ್ತರರ ಬಾಯಿಂದ ದಿನಕ್ಕೊಂದು ಮಾತು ತರುತ್ತಿದ್ದಳು. ಭಾವನಿಗೆ ಕೆಮ್ಮು ಕಡಿಮೆಯಾಗಿದೆಯಂತೆ. ಹೊಸ ಕರ್ಟನ್ನಿನ ಬಣ್ಣ ಹಿಡಿಸಿಲ್ಲವಂತೆ. ಎರಡು ಲೋಟ ಚಹಾ ಹೋಗುತ್ತಿತ್ತು, ಎರಡೂ ಖಾಲಿಯಾಗಿ ಬರುತ್ತಿದ್ದವು. ಎರಡನ್ನೂ ಮಾಸ್ತರರೇ ಕುಡಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾವ ಹೋದ ಮೇಲೆ ಬತ್ತಿಹೋಗಿದ್ದ ಅಕ್ಕನ ಮುಖ ತುಂಬಿಕೊಳ್ಳತೊಡಗಿತ್ತು. ಅದನ್ನು ನೋಡಿ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ.

ಈ ನಡುವೆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಒಂದು ಸಂಜೆ ಅವಳೇ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನಮ್ಮಪ್ಪ ನನ್ನ ಹೆಸರು ಮರೀತಿದ್ದಾರೆ ಆಂಟಿ. ಅಮ್ಮನ್ನ ಮರೆತಾಯ್ತು. ಆದ್ರೆ ಆ ಕುರ್ಚೀಲಿ ಇರೋರ ಮಾತು ಮಾತ್ರ ಒಂದೂ ಮರೆಯಲ್ಲ. ಇಲ್ಲಿಗೆ ಬರೋಕೆ ಮುಂಚೆ ಹೀಗಿರ್ಲಿಲ್ಲ. ನನಗಿರೋ ಜಾಗನೆಲ್ಲ ಆ ಮನುಷ್ಯ ತಗೊಂಡ್ಬಿಟ್ಟ ಅನ್ಸುತ್ತೆ."

ನಾನು ಕುರ್ಚಿಯನ್ನು ಹೊರಗಿಡೋಣ ಎಂದೆ. ಅವಳು ಆಗಲೇ ಒಮ್ಮೆ ವರಾಂಡಾಕ್ಕೆ ಎಳೆದಿಟ್ಟಿದ್ದಳಂತೆ. ಅಪ್ಪ ಆ ದಿನವೆಲ್ಲ ಮಂಚದ ಅರ್ಧ ಬಿಟ್ಟು, ಪಕ್ಕಕ್ಕೆ ಸರಿದು ಕೂತಿದ್ದರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಹುಡುಗಿ ನೋಟಿಸು ತಂದಳು. ಅವಳ ಅಣ್ಣನಿರುವ ಊರಿನ ಶಾಖೆಗೆ ವರ್ಗವಾಗಿದೆ, ತಿಂಗಳ ಕೊನೆಗೆ ಇಲ್ಲಿಂದ ಬಿಡುಗಡೆ ಮಾಡುತ್ತಾರೆ, ಕರಾರಿನ ಪ್ರಕಾರ ಇದೋ ಒಂದು ತಿಂಗಳ ನೋಟಿಸು, ಇದೋ ಆದೇಶದ ಪ್ರತಿ ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಪಾಪ, ಎಲ್ಲವನ್ನೂ ಸರಿಯಾಗಿ ಮಾಡಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡು ಆದೇಶವನ್ನು ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸ್ವಂತ ಕೋರಿಕೆಯ ಮೇರೆಗೆ ವರ್ಗಾವಣೆ, ಪ್ರಯಾಣ ಭತ್ಯೆ ಇರುವುದಿಲ್ಲ ಎಂದಿತ್ತು. ಎಲ್ಲ ಕಚೇರಿಗಳೂ ಹಾಗೆ ಬರೆಯುತ್ತವೆ. ಕೇಳಿ ಪಡೆದವರಿಗೆ ಖರ್ಚು ಕೊಡಬೇಕಾಗಿಲ್ಲವಲ್ಲ.

"ಇದು ನೀನು ಕೇಳಿ ತಗೊಂಡಿದ್ದು ಕಣಮ್ಮ. ಕಂಪನಿ ಕಳಿಸಿದ್ದಲ್ಲ. ನಮ್ಮ ಕರಾರಲ್ಲಿ ಇದು ನಡೆಯಲ್ಲ."

ಹುಡುಗಿ ಅಳಲಿಲ್ಲ. ಅಪ್ಪನಿಗೋಸ್ಕರ ಕೇಳಿದೆ ಎಂದಳು. ಉಳಿದ ತಿಂಗಳುಗಳ ಬಾಡಿಗೆ ಇಲ್ಲಿ, ಹೊಸ ಮನೆಯದು ಅಲ್ಲಿ, ಎರಡನ್ನೂ ಹೊರಲು ತನ್ನ ಸಂಬಳಕ್ಕೆ ಆಗದು ಎಂದಳು. ಆಗ ಅಕ್ಕ ಒಂದು ಮಾತು ಹೇಳಿದಳು. ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ ನನ್ನ ಮೈ ಜುಮ್ಮೆಂದಿತು. ನೀನು ಹೋಗಿ ಕೆಲಸಕ್ಕೆ ಸೇರಿಕೋ, ಅಪ್ಪ ಇಲ್ಲೇ ಇರಲಿ, ಬಾಡಿಗೆಯೂ ಬೇಡ, ನಾನು ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದಳು. ಹುಡುಗಿ ಅವಳ ಮುಖವನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

ಅವಳು ಮೇಲೆ ಹೋದ ಮೇಲೆ ನಾನು ಅಕ್ಕನ ಮೇಲೆ ಹರಿಹಾಯ್ದೆ. ಸತ್ತ ಗಂಡನ ಸುದ್ದಿಗಾಗಿ ಬದುಕಿರುವ ಅಪ್ಪನನ್ನು ಮಗಳಿಂದ ಕಿತ್ತುಕೊಳ್ಳುತ್ತೀಯಾ ಎಂದೆ. ನಾನು ಕಿತ್ತುಕೊಳ್ಳುತ್ತಿಲ್ಲ, ಕರಾರು ಹೇಳಿದ್ದನ್ನು ಹೇಳಿದೆ ಅಂದಳು. ಸರಿ, ಕರಾರನ್ನೇ ಕೇಳೋಣ ಎಂದು ಮರುದಿನ ಅವಳನ್ನೂ ಹುಡುಗಿಯನ್ನೂ ಕರಾರು ಬರೆಯುವವರ ಹತ್ತಿರ ಎಳೆದುಕೊಂಡು ಹೋದೆ. ಅವರು ಎರಡೂ ಕಾಗದ ನೋಡಿ ನಾಲಿಗೆ ಲೊಚಗುಟ್ಟಿದರು. ಅಮ್ಮ ಹೇಳುವುದು ಸರಿ, ಈ ಆದೇಶ ಆ ವಿನಾಯಿತಿಯೊಳಗೆ ಬರುವುದಿಲ್ಲ ಎಂದರು. ಹುಡುಗಿ ಹೋಗುವುದನ್ನು ಯಾರೂ ತಡೆಯುವಂತಿಲ್ಲ, ಆದರೆ ವರ್ಷದ ಬಾಕಿ ಬಾಡಿಗೆ ಅವಳ ತಲೆಯ ಮೇಲೆ ಉಳಿಯುತ್ತದೆ. ನನ್ನ ಮುಖ ಇಳಿದದ್ದನ್ನು ನೋಡಿ ಅವರು ಅಕ್ಕನ ಕಡೆ ತಿರುಗಿದರು.

"ಆದ್ರೆ ಅಮ್ಮಾ, ಈ ಸಾಲು ಬರೆಸಿದ್ದು ನಿಮ್ಮ ರಕ್ಷಣೆಗೆ. ಬೇಡ ಅಂದ್ರೆ ಬಿಟ್ಟುಕೊಡೋ ಹಕ್ಕೂ ನಿಮ್ದೇ. ನೋಟಿಸಿನ ಮೇಲೆ ಒಪ್ಪಿದ್ದೇನೆ, ಬಾಕಿ ಕೇಳಲ್ಲ ಅಂತ ಬರೆದು ಸಹಿ ಹಾಕಿದ್ರೆ ಮುಗೀತು. ಹಿಡ್ಕೊಳ್ಳೋದಕ್ಕೆ ಷರತ್ತು ಬೇಕು, ಬಿಡೋದಕ್ಕೆ ಏನೂ ಬೇಡ."

ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದಳು. 

ಆ ವಾರವೆಲ್ಲ ಮೇಲಿನಿಂದ ಮಾತಿನ ಸದ್ದು ಬರುತ್ತಲೇ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಮಷಿನ್ ನಿಂತ ಹೊತ್ತಿನಲ್ಲಿ ನನಗೆ ಎರಡು ದನಿ ಕೇಳಿದ ಹಾಗಾಗುತ್ತಿತ್ತು. ಒಂದು ಮಾಸ್ತರರದು. ಇನ್ನೊಂದು ಮಾತಲ್ಲ, ಮಣಮಣ. ರೇಡಿಯೋ ಹಾಕಿ ಕೂರುತ್ತಿದ್ದೆ.

ಭಾನುವಾರ ಹುಡುಗಿಗೆ ರಜೆ. ಅಕ್ಕ ಎಂದಿನಂತೆ ಮಧ್ಯಾಹ್ನ ಹೊರಟಳು. ಈ ಸಲ ಒಬ್ಬಳನ್ನೇ ಬಿಡಬಾರದೆಂದು ನಾನೂ ಹಿಂದೆ ಹೋದೆ. ಸಾಮಾನೆಲ್ಲ ಅರ್ಧಂಬರ್ಧ ಕಟ್ಟಿ ಗೋಡೆಗೆ ಇಟ್ಟಿತ್ತು. ಕಟ್ಟುವುದೋ ಬಿಚ್ಚುವುದೋ ಹುಡುಗಿಗೇ ತಿಳಿದಿರಲಿಲ್ಲ. ಕೋಣೆ ಹೊರಗಿನ ಬಿಸಿಲಿಗಿಂತ ಬಹಳ ತಣ್ಣಗಿತ್ತು. ಮಾಸ್ತರರು ಕುರ್ಚಿಯ ಎದುರು ಕೂತು ನಗುತ್ತಿದ್ದರು. ಹುಡುಗಿ ಎರಡು ಲೋಟ ಚಹಾ ತಂದಿಟ್ಟಳು. ಮಾಸ್ತರರು ಅವಳನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿಯ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಹೇಳಿದರು:

"ಕೆಲಸದಾಕೆ. ಯಾರ ಮನೆ ಮಗಳೋ ಪಾಪ, ತುಂಬಾ ಒಳ್ಳೆಯವಳು."

ಹುಡುಗಿ ಅಲ್ಲೇ ನಿಂತಳು. ಕೈಯಲ್ಲಿ ತಟ್ಟೆ ಇತ್ತು. "ಇನ್ನೇನಾದ್ರೂ ಬೇಕಾ ಸರ್" ಎಂದು ಕೇಳಿದಳು, ಕೆಲಸದಾಕೆ ಕೇಳುವ ಹಾಗೆಯೇ. ಅಪ್ಪನಿಗೆ ಗಾಬರಿಯಾಗಬಾರದೆಂದು ಹಾಗೆ ಕೇಳುವುದನ್ನು ಅವಳು ಯಾವಾಗಲೋ ಕಲಿತುಬಿಟ್ಟಿದ್ದಳು. ನಾನು ಅಕ್ಕನ ಕಡೆ ನೋಡಿದೆ. ಅವಳು ಅಂದು ಕುರ್ಚಿಯ ಕಡೆ ನೋಡುತ್ತಿರಲಿಲ್ಲ. ಹುಡುಗಿಯ ಬೆನ್ನನ್ನು ನೋಡುತ್ತಿದ್ದಳು, ಗಿರಾಕಿಯನ್ನು ತಿರುಗಿಸಿ ನಿಲ್ಲಿಸಿ ಅಳತೆ ತೆಗೆಯುವಾಗ ನೋಡುವಂತೆ, ಭುಜದಿಂದ ಭುಜಕ್ಕೆ.

"ಆ ನೋಟಿಸು ತಗೊಂಡ್ಬಾಮ್ಮ" ಎಂದಳು.

ಹುಡುಗಿ ತಂದಳು. ಅಕ್ಕ ಕಿಟಕಿಯ ಹಲಗೆಯ ಮೇಲೆ ಇಟ್ಟುಕೊಂಡು, ಕುರ್ಚಿಗೆ ಬೆನ್ನು ಮಾಡಿ ನಿಂತು ಬರೆದಳು. ಮನೆ ಬಿಡಲು ಒಪ್ಪಿದ್ದೇನೆ, ವರ್ಷದ ಬಾಕಿ ಬಾಡಿಗೆ ಕೇಳುವುದಿಲ್ಲ. ಅಕ್ಷರಗಳು ನಡುಗಿದ್ದವು. ಸಹಿ ಹಾಕಿ, ಹುಡುಗಿಯ ತಲೆ ಸವರಿ, ಚಹಾ ಆರಿಹೋಗುತ್ತೆ ಕುಡಿಸು ಎಂದು ಹೇಳಿ ಇಳಿದು ಬಂದಳು. ಆ ಸಂಜೆ ಊಟ ಮಾಡಲಿಲ್ಲ. ಗೋಡೆಗೆ ತಿರುಗಿ ಮಲಗಿದಳು. ನಾಳೆಯಿಂದ ಅವರ ಮಾತು ಯಾರು ಹೇಳುತ್ತಾರೆ ನನಗೆ ಎಂದು ಒಮ್ಮೆ ಕೇಳಿದಳು. ನಾನು ಹೊದಿಕೆ ತಂದು ಅವಳಿಗೆ ಹೊದಿಸಿದೆ.

ಮರುದಿನದಿಂದ ಅವಳು ಮೇಲೆ ಹೋಗಲಿಲ್ಲ. ಮೇಲಿನಿಂದ ಮಾತಿನ ಸದ್ದೂ ಬರಲಿಲ್ಲ. ಮಾಸ್ತರರಿಗೆ ಮೈ ಹುಷಾರಿಲ್ಲವೇನೋ ಎಂದುಕೊಂಡೆವು. ಹುಡುಗಿಯನ್ನು ಕೇಳಿದರೆ ಚೆನ್ನಾಗಿಯೇ ಇದ್ದಾರೆ, ಎರಡು ಸಲ ಹೆಸರು ಹಿಡಿದು ಕರೆದರು ಎಂದು ಹೇಳಿ, ನಕ್ಕರೆ ಆ ನೆನಪು ಎಲ್ಲಿ ಹೋಗಿಬಿಡುತ್ತದೋ ಎನ್ನುವವಳಂತೆ ತುಟಿ ಬಿಗಿಹಿಡಿದಳು.

ತಿಂಗಳ ಕೊನೆಗೆ ಗಾಡಿ ಬಂತು. ಸಾಮಾನು ಇಳಿಯಿತು. ಹುಡುಗಿ ಬೀಗದ ಕೈ ಕೊಟ್ಟಳು, ಅಕ್ಕ ಮುಂಗಡ ವಾಪಸು ಕೊಟ್ಟಳು, ಕರೆಂಟಿನ ಬಿಲ್ಲು ಸರಿಯಾಗಿತ್ತು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಹತ್ತಿರ ನೆಟ್ಟಗೆ ನಿಂತಿದ್ದರು. ಅಕ್ಕ ಅವರ ಹತ್ತಿರ ಹೋದಳು. ಇಷ್ಟು ದಿನ ತಡೆದುಕೊಂಡಿದ್ದವಳು ಕೊನೆಗೆ ತಡೆಯಲಾರದೆ ಕೇಳಿದಳು.

"ಅವರು ಹೇಗಿದ್ದಾರೆ? ಒಬ್ರೇ ಆಗ್ತಾರಲ್ಲ ಇನ್ಮೇಲೆ."

ಮಾಸ್ತರರ ಕಣ್ಣು ತಿಳಿಯಾಗಿತ್ತು.

"ಯಾರು, ಕಿಟಕಿ ಹತ್ರ ಇದ್ದೋರಾ? ಅವರಾಗ್ಲೇ ಹೋದ್ರಲ್ಲಮ್ಮ. ಅವತ್ತು ನೀವು ಸಹಿ ಹಾಕಿ ಮೆಟ್ಟಿಲು ಇಳಿದ್ರಲ್ಲ, ಅವರೂ ಎದ್ರು. ಇಷ್ಟು ವರ್ಷ ಯಾಕೆ ಇಲ್ಲೇ ಇದ್ರಿ ಅಂತ ಕೇಳ್ದೆ. ಕೊನೇ ದಿನ ಹೋಗ್ಲಾ ಅಂತ ನಿಮ್ಮನ್ನ ಕೇಳಿದ್ರಂತೆ. ಇರಿ ಅಂದ್ರಂತೆ ನೀವು."

ಗಾಡಿಯವನು ಹಾರ್ನ್ ಹೊಡೆದ. ಹುಡುಗಿ ಅಪ್ಪನ ಕೈ ಹಿಡಿದು ಕರೆದೊಯ್ದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅಕ್ಕ ಗೇಟು ಹಿಡಿದು ನಿಂತೇ ಇದ್ದಳು. ಮುದುಕರ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ನಾನು ಅವಳ ತೋಳು ಮುಟ್ಟಿದೆ. ತೋಳು ಮಂಜಿನಂತೆ ತಣ್ಣಗಿತ್ತು.

"ಅಂದಿದ್ದೆ ಕಣೇ" ಎಂದಳು ಅಕ್ಕ. "ಉಸಿರಿಗೆ ಒದ್ದಾಡ್ತಿದ್ರು. ಸಾಕಾಯ್ತು, ಹೋಗ್ಲಾ ಅಂದ್ರು. ನಾನು ಕೈ ಹಿಡ್ಕೊಂಡು ಇರಿ ಅಂದೆ. ಯಾರಿಗೂ ಹೇಳಿರ್ಲಿಲ್ಲ ನಾನು, ನಿನಗೂ."

ಅವಳ ಬೆರಳುಗಳು ಗೇಟಿನ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದವು. ನಾನು ಒಂದೊಂದಾಗಿ ಬಿಡಿಸಿ ಅವಳನ್ನು ಒಳಗೆ ಕರೆದುಕೊಂಡು ಬಂದೆ.